ಕಮಿಷನ್ ಸೊನ್ನೆ ಆಯ್ತು, ಹಾಗಾದ್ರೆ 599ರ ಖಣದ ಬ್ಲೌಸಲ್ಲಿ ಕೈಗೆ ಉಳಿಯೋದೆಷ್ಟು?

2025ರ ಏಪ್ರಿಲ್ 7ರಿಂದ ಅಮೆಜಾನ್ 300 ರೂಪಾಯಿಗಿಂತ ಕಡಿಮೆ ಬೆಲೆಯ ಐಟಂಗಳ ಮೇಲೆ ತನ್ನ ಕಮಿಷನ್ ತೆಗೆದುಹಾಕ್ತು. ಅದೇ ವರ್ಷ ನವೆಂಬರಲ್ಲಿ ಫ್ಲಿಪ್‌ಕಾರ್ಟ್ 1000 ರೂಪಾಯಿ ಒಳಗಿನ ಐಟಂಗೆ ಕಮಿಷನ್ ಇಲ್ಲ ಅಂತ ಹೇಳ್ತು. ಮೀಶೋ ಅಂತೂ 2021ರಿಂದಲೇ ಜೀರೋ ಕಮಿಷನ್ ಅಂತ ಹೇಳ್ಕೊಂಡೇ ಬೆಳೆದಿದ್ದು. ಈ ಸುದ್ದಿಗಳು ಬಂದಾಗೆಲ್ಲ ಪುಣೆ, ಮುಂಬೈ ಕಡೆಯ ನಮ್ಮವರ ವಾಟ್ಸಾಪ್ ಗ್ರೂಪಲ್ಲಿ, ಅದರಲ್ಲೂ ಮನೆಯಿಂದ ಇಳಕಲ್ ಸೀರೆ, ಗುಳೇದಗುಡ್ಡ ಖಣ, ಚಟ್ನಿಪುಡಿ ಮಾರೋ ಹೆಣ್ಮಕ್ಕಳ ಗ್ರೂಪಲ್ಲಿ ಒಂದೇ ಪ್ರಶ್ನೆ ಬರುತ್ತೆ: ಕಮಿಷನ್ ಹೋಯ್ತು ಅಂದ್ರು, ಆರ್ಡರ್ ಕೂಡ ಜಾಸ್ತಿ ಆಗಿದೆ, ಆದ್ರೆ ತಿಂಗಳ ಕೊನೆಗೆ ಬ್ಯಾಂಕಲ್ಲಿ ಅಷ್ಟು ದುಡ್ಡು ಯಾಕೆ ಕಾಣ್ತಿಲ್ಲ?

ಪ್ರಶ್ನೆ ಸರಿಯಾಗೇ ಇದೆ. ಉತ್ತರ ಇರೋದು ಕಮಿಷನ್ ಅನ್ನೋ ಸಾಲಲ್ಲಿ ಅಲ್ಲ, ಬಹಳ ಜನ ಲೆಕ್ಕಕ್ಕೇ ತಗೊಳ್ಳದ ರಿಟರ್ನ್ ಅನ್ನೋ ಸಾಲಲ್ಲಿ. ಅದನ್ನ ಒಂದು ಐಟಂ ಇಟ್ಕೊಂಡು ರೂಪಾಯಿ ರೂಪಾಯಿ ಬಿಡಿಸಿ ನೋಡೋಣ.

ಸೊನ್ನೆ ಆಗಿದ್ದು ಯಾವುದು, ಆಗದೇ ಇದ್ದಿದ್ದು ಯಾವುದು

ಆನ್‌ಲೈನ್ ಅಂಗಡಿಗಳು ಮಾರಾಟಗಾರರಿಂದ ಒಂದೇ ಹೆಸರಲ್ಲಿ ದುಡ್ಡು ತಗೊಳ್ಳಲ್ಲ. ಐಟಂ ಬೆಲೆಯ ಇಂತಿಷ್ಟು ಪರ್ಸೆಂಟ್ ಅಂತ ತಗೊಳ್ಳೋದು ಕಮಿಷನ್, ಸುದ್ದಿಯಲ್ಲಿ ಸೊನ್ನೆ ಆಗಿದ್ದು ಅದೊಂದೇ. ಅದರ ಪಕ್ಕದಲ್ಲಿ ಪ್ರತಿ ಆರ್ಡರ್‌ಗೆ ಒಂದು ಫಿಕ್ಸೆಡ್ ಫೀ ಇರುತ್ತೆ, ಕೆಲವು ಕಡೆ ಗಿರಾಕಿಯಿಂದ ದುಡ್ಡು ವಸೂಲಿ ಮಾಡಿದ್ದಕ್ಕೆ ಕಲೆಕ್ಷನ್ ಫೀ ಇರುತ್ತೆ, ತೂಕ ಮತ್ತು ದೂರ ನೋಡಿ ಶಿಪ್ಪಿಂಗ್ ಫೀ ಇರುತ್ತೆ, ಗಿರಾಕಿ ವಾಪಸ್ ಕಳಿಸಿದ್ರೆ ರಿಟರ್ನ್ ಫೀ ಇರುತ್ತೆ, ಇಷ್ಟೂ ಫೀಗಳ ಮೇಲೆ 18% ಜಿಎಸ್‌ಟಿ. ಜಾಹೀರಾತು ಕೊಟ್ರೆ ಅದು ಬೇರೆ. ಹೀಗಾಗಿ ಕಮಿಷನ್ ಸೊನ್ನೆ ಅಂದ್ರೆ ಫೀ ಸೊನ್ನೆ ಅಂತಲ್ಲ. ಪರ್ಸೆಂಟ್ ಲೆಕ್ಕದ ಖರ್ಚು ಹೋಗಿ ರೂಪಾಯಿ ಲೆಕ್ಕದ ಖರ್ಚು ಉಳ್ಕೊಂಡಿದೆ ಅಷ್ಟೇ, ಮತ್ತೆ ರೂಪಾಯಿ ಲೆಕ್ಕದ ಖರ್ಚು ಯಾವಾಗಲೂ ಕಡಿಮೆ ಬೆಲೆಯ ಐಟಂಗೇ ಜೋರಾಗಿ ಹೊಡೆಯೋದು, ಯಾಕಂದ್ರೆ 65 ರೂಪಾಯಿ ಶಿಪ್ಪಿಂಗ್ 2000ದ ಸೀರೆಗೂ ಅಷ್ಟೇ, 300ರ ಬ್ಲೌಸ್ ಪೀಸಿಗೂ ಅಷ್ಟೇ.

ಒಂದು ಬ್ಲೌಸಿನ ಮೊದಲ ಲೆಕ್ಕ

ಉದಾಹರಣೆಗೆ ಪುಣೆಯ ಚಿಂಚ್‌ವಡದಲ್ಲಿ ಒಬ್ಬ ಅಕ್ಕ ಇದಾರೆ ಅಂತ ಇಟ್ಕೊಳ್ಳೋಣ. ಗುಳೇದಗುಡ್ಡದಿಂದ ಖಣದ ಬಟ್ಟೆ ತರಿಸಿ, ಪಕ್ಕದ ಟೇಲರ್ ಹತ್ರ ಹೊಲಿಸಿ, ರೆಡಿಮೇಡ್ ಬ್ಲೌಸ್ ಮಾಡಿ 599ಕ್ಕೆ ಮಾರ್ತಾರೆ. ಇಲ್ಲಿ ಕೊಡೋ ಅಂಕಿಗಳು ಲೆಕ್ಕ ಅರ್ಥ ಆಗ್ಲಿ ಅಂತ ಇಟ್ಟಿದ್ದು, ನಿಮ್ಮ ಫೀ ಎಷ್ಟು ಅನ್ನೋದನ್ನ ನಿಮ್ಮ ಸೆಲ್ಲರ್ ಪ್ಯಾನೆಲ್‌ನ ರೇಟ್ ಕಾರ್ಡಲ್ಲೇ ನೋಡ್ಬೇಕು.

599 ಪೂರ್ತಿ ಅಕ್ಕಂದಲ್ಲ. ಅದರೊಳಗೆ ಸರ್ಕಾರದ ಜಿಎಸ್‌ಟಿ ಕೂತಿದೆ, 2500 ರೂಪಾಯಿವರೆಗಿನ ರೆಡಿಮೇಡ್ ಬಟ್ಟೆಗೆ 5%. ಇಲ್ಲಿ ಬಹಳ ಜನ ಮಾಡೋ ತಪ್ಪು ಅಂದ್ರೆ 599ರ 5% ಅಂತ ಕಳೆಯೋದು. ತೆರಿಗೆ ಬೆಲೆಯೊಳಗೇ ಸೇರಿರೋದ್ರಿಂದ 1.05ರಿಂದ ಭಾಗಿಸ್ಬೇಕು, ಆಗ 570.48 ಬರುತ್ತೆ. ನಿಜವಾದ ಮಾರಾಟ ಅಂದ್ರೆ ಇದು.

ಇನ್ನು ಖರ್ಚು. ಖಣದ ಬಟ್ಟೆ 130, ಲೈನಿಂಗ್ 35, ಹೊಲಿಗೆ 90, ಹುಕ್ಕು ದಾರ 5, ಒಟ್ಟು 260. ಪ್ಯಾಕಿಂಗಿಗೆ ಒಳಗಿನ ಪಾರದರ್ಶಕ ಕವರ್, ಹೊರಗಿನ ಕೊರಿಯರ್ ಬ್ಯಾಗ್, ಬ್ಲೌಸ್ ಮಡಚಿ ಇಡೋ ರಟ್ಟು, ಟ್ಯಾಗು, ಲೇಬಲ್, ಎಲ್ಲ ಸೇರಿ 14. ಫಿಕ್ಸೆಡ್ ಫೀ 20, ಕಲೆಕ್ಷನ್ ಫೀ 10, ಶಿಪ್ಪಿಂಗ್ ಸರಾಸರಿ 65. ಈ ಫೀಗಳ ಮೇಲಿನ 18% ಜಿಎಸ್‌ಟಿ 17 ರೂಪಾಯಿ ಚಿಲ್ಲರೆ ಆಗುತ್ತೆ, ಆದ್ರೆ ಅಕ್ಕ ರೆಗ್ಯುಲರ್ ಜಿಎಸ್‌ಟಿ ನೋಂದಣಿ ಮಾಡ್ಸಿದ್ರೆ ಅದನ್ನ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸ್ಕೊಳ್ಳಬಹುದು, ಹಾಗಾಗಿ ಖರ್ಚಿಗೆ ಸೇರ್ಸಿಲ್ಲ. ನೋಂದಣಿ ಇಲ್ಲದವರಿಗೆ ಆ 17 ಶುದ್ಧ ಖರ್ಚು.

570.48ರಲ್ಲಿ 260, 14, 20, 10, 65 ಕಳೆದ್ರೆ 201.48. ಮೊದಲು 10% ಕಮಿಷನ್ ಇತ್ತು ಅಂದ್ಕೊಂಡ್ರೆ ಇದು 141 ಆಗಿರ್ತಿತ್ತು. ಅಂದ್ರೆ ಸುದ್ದಿ ಸುಳ್ಳಲ್ಲ, ಪೀಸಿಗೆ 60 ರೂಪಾಯಿ ನಿಜಕ್ಕೂ ಉಳಿದಿದೆ. ಅಕ್ಕನೂ ಡೈರಿಯಲ್ಲಿ "ಒಂದಕ್ಕೆ 200" ಅಂತ ಬರ್ಕೊಳ್ತಾರೆ, 100 ಆರ್ಡರ್ ಹೋದ ತಿಂಗಳು 20,000 ಬರುತ್ತೆ ಅಂತ ಕಾಯ್ತಾರೆ. ಬರಲ್ಲ. ಯಾಕೆ ಅನ್ನೋದಕ್ಕೆ ಹೋಗೋ ಮೊದಲು ಶಿಪ್ಪಿಂಗಿನ ಒಂದು ಸಣ್ಣ ವಿಷಯ ಹೇಳಲೇಬೇಕು, ಅಲ್ಲೂ ದುಡ್ಡು ಸೋರುತ್ತೆ.

ಪಾರ್ಸೆಲ್ ಎಷ್ಟು ಉಬ್ಬಿದೆ ಅನ್ನೋದಕ್ಕೂ ಬೆಲೆ ಇದೆ

ಕೊರಿಯರ್‌ನವರು ತಕ್ಕಡಿ ತೂಕ ಒಂದೇ ನೋಡಲ್ಲ. ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸ್ತಾರೆ, ಬರೋ ಕಿಲೋ ಮತ್ತು ತಕ್ಕಡಿ ಕಿಲೋ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಬ್ಲೌಸ್ ತೂಕ 200 ಗ್ರಾಂ ಅಷ್ಟೇ ಇರಬಹುದು. 30 x 25ರ ಬ್ಯಾಗಲ್ಲಿ ಚಪ್ಪಟೆಯಾಗಿ ಮಡಚಿ 3 ಸೆಂಟಿಮೀಟರ್ ದಪ್ಪ ಇಟ್ರೆ 0.45 ಕಿಲೋ, ಅರ್ಧ ಕಿಲೋ ಸ್ಲ್ಯಾಬಲ್ಲೇ ಇರುತ್ತೆ. ಅದೇ ಬ್ಯಾಗಲ್ಲಿ ಗಾಳಿ ತುಂಬ್ಕೊಂಡು, ರಟ್ಟು ಸರಿಯಾಗಿ ಕೂರದೆ 5 ಸೆಂಟಿಮೀಟರ್ ಉಬ್ಬಿದ್ರೆ 0.75 ಕಿಲೋ, ಮುಂದಿನ ಸ್ಲ್ಯಾಬಿಗೆ ಹಾರುತ್ತೆ. ಚೆಂದ ಕಾಣ್ಲಿ ಅಂತ 25 x 20 x 8ರ ಡಬ್ಬ ಹಾಕಿದ್ರೂ 0.8 ಕಿಲೋ, ಅದೇ ಗತಿ. ಬ್ಲೌಸ್ ಬದಲಾಗಿಲ್ಲ, ಬರೀ ಗಾಳಿಗೆ ಸ್ಲ್ಯಾಬ್ ದುಡ್ಡು ಹೋಯ್ತು.

ಇದು ಆಗಿದೆ ಅಂತ ಗೊತ್ತಾಗೋದು ಹೇಗೆ ಅಂದ್ರೆ, ಪೇಮೆಂಟ್ ರಿಪೋರ್ಟಲ್ಲಿ ಒಂದೇ ಐಟಂಗೆ, ಒಂದೇ ಊರಿಗೆ ಎರಡು ಬೇರೆ ಶಿಪ್ಪಿಂಗ್ ಫೀ ಕಾಣಿಸುತ್ತೆ. ಆಗ ವಿವಾದ ಎತ್ತೋಕೆ ಟೇಪು ಹಿಡಿದು ಅಳತೆ ಕಾಣೋ ಹಾಗೆ, ತಕ್ಕಡಿ ಮೇಲಿನ ತೂಕ ಮತ್ತು ಲೇಬಲ್ ಕಾಣೋ ಹಾಗೆ ತೆಗೆದ ಫೋಟೋ ಬೇಕಾಗುತ್ತೆ. ಆ ಫೋಟೋ ಪಾರ್ಸೆಲ್ ಹೋಗೋಕೆ ಮುಂಚೆನೇ ತೆಗೆದಿರ್ಬೇಕು, ಆಮೇಲೆ ಅದನ್ನ ಎಲ್ಲಿಂದ ತರೋದು.

100 ಕಳಿಸಿದ್ರೆ 100 ಮಾರಾಟ ಆದ ಹಾಗಲ್ಲ

ಈಗ ಮುಖ್ಯ ವಿಷಯ. ವಾಪಸ್ ಬರೋ ಪಾರ್ಸೆಲ್ಲಲ್ಲಿ ಎರಡು ಜಾತಿ ಇದೆ, ಎರಡನ್ನೂ ಒಟ್ಟಿಗೆ "ರಿಟರ್ನ್" ಅಂತ ಕರೆದ್ರೆ ಲೆಕ್ಕ ಕೆಡುತ್ತೆ. ಒಂದು ಆರ್‌ಟಿಒ, ಅಂದ್ರೆ ಗಿರಾಕಿ ಪಾರ್ಸೆಲ್ ತಗೊಳ್ಳಲೇ ಇಲ್ಲ: ಮನೇಲಿ ಇರಲಿಲ್ಲ, ಫೋನ್ ಎತ್ತಲಿಲ್ಲ, ಮನಸ್ಸು ಬದಲಾಯ್ತು. ಇದು ಬಿಚ್ಚದೇ ವಾಪಸ್ ಬರುತ್ತೆ. ಇನ್ನೊಂದು ಕಸ್ಟಮರ್ ರಿಟರ್ನ್, ತಗೊಂಡು, ಬಿಚ್ಚಿ, ಹಾಕ್ಕೊಂಡು ನೋಡಿ ಬೇಡ ಅಂತ ಕಳಿಸಿದ್ದು. ಹಲವು ಪ್ಲಾಟ್‌ಫಾರ್ಮಲ್ಲಿ ಆರ್‌ಟಿಒಗೆ ಶಿಪ್ಪಿಂಗ್ ಹಿಡಿಯಲ್ಲ, ಕಸ್ಟಮರ್ ರಿಟರ್ನಿಗೆ ಮಾತ್ರ ಹೋಗಿ ಬಂದ ಖರ್ಚು ಮಾರಾಟಗಾರರ ತಲೆ ಮೇಲೆ ಬೀಳುತ್ತೆ.

ಅಕ್ಕ ಒಂದು ತಿಂಗಳಲ್ಲಿ 100 ಬ್ಲೌಸ್ ಕಳಿಸಿದ್ರು, 12 ಆರ್‌ಟಿಒ ಆಯ್ತು, 18 ಕಸ್ಟಮರ್ ರಿಟರ್ನ್ ಬಂತು, 70 ಗಿರಾಕಿಗಳ ಹತ್ರ ಉಳೀತು ಅಂತ ಇಟ್ಕೊಳ್ಳಿ. ಹೊಲಿದ ಬ್ಲೌಸಿಗೆ ಇದೇನು ವಿಚಿತ್ರ ಅಲ್ಲ, ಮೈಗೆ ಕೂರೋ ಬಟ್ಟೆ ನೋಡದೇ ತಗೊಂಡಾಗ ಸೈಜು ತಪ್ಪೋದು ಇದ್ದದ್ದೇ.

70ರಿಂದ ಬಂದ ಲಾಭ 201.48ರ ಲೆಕ್ಕದಲ್ಲಿ 14,104. ಈಗ 18 ರಿಟರ್ನಿನ ಖರ್ಚು ನೋಡಿ. ಹೋಗಿ ಬಂದ ರಿಟರ್ನ್ ಫೀ ಒಂದಕ್ಕೆ 130, ಒಟ್ಟು 2,340. ಹರಿದ ಪ್ಯಾಕಿಂಗ್ 14ರ ಹಾಗೆ 252. ಇನ್ನು ಮಾಲು. ವಾಪಸ್ ಬಂದ ಬ್ಯಾಗ್ ಬಿಚ್ಚಿದ್ರೆ ಒಂದರಲ್ಲಿ ಲೈನಿಂಗ್ ಮೇಲೆ ಅರಿಶಿನ ಕಲೆ, ಸಂಕ್ರಾಂತಿಯ ಹಳದಿ ಕುಂಕುಮಕ್ಕೆ ಹಾಕ್ಕೊಂಡು ಹೋಗಿ ಬಂದಿರೋದು ಗೊತ್ತಾಗುತ್ತೆ, ಇನ್ನೊಂದರಲ್ಲಿ ಕಂಕುಳ ಹತ್ರ ಬೆವರಿನ ಗುರುತು, ಮತ್ತೊಂದರಲ್ಲಿ ಟ್ಯಾಗ್ ಇಲ್ಲ, ಹುಕ್ಕು ಕಿತ್ತಿದೆ. 18ರಲ್ಲಿ 5 ಮತ್ತೆ ಮಾರೋಕೆ ಆಗಲ್ಲ ಅಂದ್ರೆ 1,300. ಉಳಿದ 13ಕ್ಕೆ ಇಸ್ತ್ರಿ ಹಾಕಿ ಹೊಸ ಕವರಿಗೆ ಹಾಕೋಕೆ 10ರ ಹಾಗೆ 130. ಒಟ್ಟು 4,022.

12 ಆರ್‌ಟಿಒಗೆ ಪ್ಯಾಕಿಂಗ್ 168, ದಾರಿಯಲ್ಲಿ ಹಾಳಾದ ಒಂದು ಪೀಸು 260, ಉಳಿದ 11ರ ಇಸ್ತ್ರಿ ಮರುಪ್ಯಾಕಿಂಗ್ 110, ಒಟ್ಟು 538.

14,104ರಲ್ಲಿ ಎರಡನ್ನೂ ಕಳೆದ್ರೆ ಉಳಿಯೋದು 9,544. ಅಕ್ಕ ಕಾಯ್ತಿದ್ದ 20,000ದ ಅರ್ಧಕ್ಕಿಂತ ಕಡಿಮೆ. ಉಳಿದ 70 ಬ್ಲೌಸಿಗೆ ಹಂಚಿದ್ರೆ ಒಂದಕ್ಕೆ 136, ಕಳಿಸಿದ 100ಕ್ಕೆ ಹಂಚಿದ್ರೆ ಒಂದಕ್ಕೆ 95. ಲೆಕ್ಕದಲ್ಲಿ ಎಲ್ಲೂ ಮೋಸ ಇಲ್ಲ, ಯಾರೂ ದುಡ್ಡು ಕದ್ದಿಲ್ಲ, ಅಕ್ಕ ಡೈರಿಯಲ್ಲಿ ಬರ್ಕೊಂಡ 200 ಕೂಡ ತಪ್ಪಲ್ಲ. ಅದು ಗಿರಾಕಿ ಇಟ್ಕೊಂಡ ಬ್ಲೌಸಿನ ಲಾಭ, ಅದನ್ನ ಕಳಿಸಿದ ಬ್ಲೌಸಿನ ಸಂಖ್ಯೆಯಿಂದ ಗುಣಿಸಿದ್ದೇ ತಪ್ಪು.

ಒಂದು ರಿಟರ್ನ್ ಎಷ್ಟು ತಿನ್ನುತ್ತೆ

4,022ನ್ನ 18ರಿಂದ ಭಾಗಿಸಿ, 223 ಬರುತ್ತೆ. ಒಂದು ಬ್ಲೌಸ್ ಮಾರಾಟ ಆದ್ರೆ ಬರೋದು 201, ಒಂದು ವಾಪಸ್ ಬಂದ್ರೆ ಹೋಗೋದು 223. ಅಂದ್ರೆ ಒಂದು ರಿಟರ್ನ್ ಒಂದು ಮಾರಾಟಕ್ಕಿಂತ ಸ್ವಲ್ಪ ಜಾಸ್ತಿನೇ ತಿಂದುಹಾಕುತ್ತೆ. ಆರ್‌ಟಿಒ ಒಂದಕ್ಕೆ 45 ಅಷ್ಟೇ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಉಳೀಬೇಕಿದ್ದ ಒಂದು ಆರ್ಡರ್ ರಿಟರ್ನ್ ಆದ್ರೆ ಅಕ್ಕನಿಗೆ ಬರಬೇಕಿದ್ದ 201ನೂ ಹೋಯ್ತು, ಮೇಲಿಂದ 223ನೂ ಹೋಯ್ತು, ಸೇರಿ 425. ಕಮಿಷನ್ ಸೊನ್ನೆ ಆಗಿದ್ರಿಂದ ಆ ತಿಂಗಳು ಉಳಿದಿದ್ದು 70 ಬ್ಲೌಸಿಗೆ 60ರ ಹಾಗೆ 4,200. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ: ನೂರಕ್ಕೆ ಹತ್ತು ರಿಟರ್ನ್ ಜಾಸ್ತಿ ಆದ್ರೆ ಇಡೀ ಜೀರೋ ಕಮಿಷನ್ನಿನ ಲಾಭ ಅಳಿಸಿಹೋಗುತ್ತೆ, ಹತ್ತು ಕಡಿಮೆ ಮಾಡಿದ್ರೆ ಇನ್ನೊಂದು ಸಲ ಕಮಿಷನ್ ಮಾಫಿ ಸಿಕ್ಕ ಹಾಗೆ ಆಗುತ್ತೆ. ಗ್ರೂಪುಗಳಲ್ಲಿ ಕಮಿಷನ್ ಬಗ್ಗೆ ಆಗೋ ಚರ್ಚೆಯ ಕಾಲುಭಾಗನೂ ರಿಟರ್ನ್ ಬಗ್ಗೆ ಆಗಲ್ಲ, ಆಗ್ಬೇಕು.

ಇದೇ ಅಂಕಿಗಳಲ್ಲಿ ರಿಟರ್ನ್ ಎಷ್ಟಾದ್ರೆ ಲಾಭ ಪೂರ್ತಿ ಮಾಯ ಅಂತ ನೋಡಿದ್ರೆ, ಆರ್‌ಟಿಒ 12 ಇದ್ದಾಗ ಸುಮಾರು 40 ರಿಟರ್ನಿಗೆ ಸೊನ್ನೆ. ಅಷ್ಟೆಲ್ಲ ಎಲ್ಲಾಗುತ್ತೆ ಅನ್ನಿಸಬಹುದು, ಆದ್ರೆ ಪ್ರತಿ ಆರ್ಡರ್ ತರೋಕೆ ಜಾಹೀರಾತಿಗೆ 50 ರೂಪಾಯಿ ಹಾಕಿದ್ರೆ ಆ ಗೆರೆ 40ರಿಂದ 28ಕ್ಕೆ ಇಳಿಯುತ್ತೆ, ಯಾಕಂದ್ರೆ ವಾಪಸ್ ಬಂದ ಆರ್ಡರಿಗೂ ಜಾಹೀರಾತಿನ ದುಡ್ಡು ಆಗಲೇ ಹೋಗಿದೆ.

ಸ್ಪ್ರೆಡ್‌ಶೀಟಲ್ಲಿ ಇದಕ್ಕೆ ಒಂದೇ ಸಾಲು ಸಾಕು. B1 ಉಳಿದ ಪೀಸು, B2 ಒಂದರ ಲಾಭ, B3 ರಿಟರ್ನ್ ಸಂಖ್ಯೆ, B4 ಒಂದು ರಿಟರ್ನಿನ ಖರ್ಚು, B5 ಆರ್‌ಟಿಒ ಸಂಖ್ಯೆ, B6 ಒಂದು ಆರ್‌ಟಿಒ ಖರ್ಚು:

```
=(B1*B2-B3*B4-B5*B6)/B1
```

70, 201.48, 18, 223.4, 12, 44.8 ಹಾಕಿ ನೋಡಿ, 136 ಚಿಲ್ಲರೆ ಬರುತ್ತೆ.

ಸರಾಸರಿಯೊಳಗೆ ಅಡಗಿ ಕೂತಿರೋ ಸೈಜು

136 ಅನ್ನೋದು ಎಲ್ಲ ಸೈಜು, ಎಲ್ಲ ಬಣ್ಣ ಸೇರ್ಸಿದ ಸರಾಸರಿ. ಅದನ್ನ ಒಡೆದು ನೋಡಿದಾಗಲೇ ನಿಜ ಕಾಣೋದು. 100ರಲ್ಲಿ 20 ಬ್ಲೌಸ್ 40 ಮತ್ತು ಅದಕ್ಕಿಂತ ದೊಡ್ಡ ಸೈಜು, ಅದರಲ್ಲಿ 2 ಆರ್‌ಟಿಒ, 8 ರಿಟರ್ನ್, 10 ಉಳೀತು ಅಂದ್ಕೊಳ್ಳಿ. ಅದೇ ಸೂತ್ರ ಹಾಕಿದ್ರೆ ಆ ಹತ್ತರಿಂದ ಬಂದಿದ್ದು ಒಟ್ಟು 138 ರೂಪಾಯಿ, ಒಂದಕ್ಕೆ 14. ಉಳಿದ 80ರಲ್ಲಿ ಗಿರಾಕಿ ಇಟ್ಕೊಂಡಿದ್ದು 60, ಅಲ್ಲಿ ಒಂದಕ್ಕೆ 157. ಒಂದೇ ಬಟ್ಟೆ, ಒಂದೇ ಟೇಲರ್, ಒಂದೇ ಬೆಲೆ, ಆದ್ರೆ ಒಂದು ಸೈಜು ದುಡೀತಾ ಇದೆ, ಇನ್ನೊಂದು ಸೈಜು ಹೆಚ್ಚುಕಮ್ಮಿ ಏನೂ ದುಡೀತಿಲ್ಲ.

ದೊಡ್ಡ ಸೈಜು ನಿಲ್ಲಿಸಿಬಿಡೋಣ ಅಂತ ತಕ್ಷಣ ಅನ್ನಿಸುತ್ತೆ, ಅದಕ್ಕೂ ಮೊದಲು ಕಾರಣ ಹುಡುಕ್ಬೇಕು. ರಿಟರ್ನ್ ರಿಪೋರ್ಟಲ್ಲಿ ಗಿರಾಕಿ ಆರಿಸಿದ ಕಾರಣ ಇರುತ್ತೆ, "ಟೈಟ್ ಆಯ್ತು" ಅಂತ ಜಾಸ್ತಿ ಇದ್ರೆ ಸೈಜ್ ಚಾರ್ಟಲ್ಲೇ ಗೊಂದಲ ಇದೆ ಅಂತ. 40 ಅಂದ್ರೆ ಮೈಯ ಅಳತೆನಾ, ಹೊಲಿದ ಬ್ಲೌಸಿನ ಅಳತೆನಾ? ಬಹಳ ಲಿಸ್ಟಿಂಗಲ್ಲಿ ಇದು ಬರೆದಿರಲ್ಲ. ಬ್ಲೌಸನ್ನ ಮೇಜಿನ ಮೇಲೆ ಹಾಸಿ ಟೇಪಿಟ್ಟು ತೆಗೆದ ಒಂದು ಫೋಟೋ, ಎದೆ ಮತ್ತು ತೋಳಿನ ಸುತ್ತಳತೆ ಇಂಚಲ್ಲಿ, ಜೊತೆಗೆ ಒಳಗೆ ಎರಡೂ ಕಡೆ ಬಿಚ್ಚಿ ದೊಡ್ಡದು ಮಾಡ್ಕೊಳ್ಳೋಕೆ ಮಾರ್ಜಿನ್ ಬಟ್ಟೆ ಎಷ್ಟಿದೆ ಅನ್ನೋದು, ಇಷ್ಟು ಹಾಕಿದ್ರೆ ಟೈಟ್ ಆಯ್ತು ಅನ್ನೋ ಗಿರಾಕಿ ವಾಪಸ್ ಕಳಿಸೋ ಬದಲು ಪಕ್ಕದ ಟೇಲರ್ ಹತ್ರ ಹೊಲಿಗೆ ಬಿಚ್ಚಿಸ್ಕೊಳ್ಳೋ ಸಾಧ್ಯತೆ ಇದೆ. ಮಾರ್ಜಿನ್ನಿಗೆ ಹೋಗೋ ಹೆಚ್ಚುವರಿ ಬಟ್ಟೆ 5–6 ರೂಪಾಯಿದು, ತಪ್ಪೋ ರಿಟರ್ನ್ 223ರದು.

"ಬಣ್ಣ ಬೇರೆ" ಅಂತ ಬಂದ್ರೆ ಅದು ಖಣದ ಗುಣದಿಂದ. ಎಷ್ಟೋ ಖಣದಲ್ಲಿ ಉದ್ದೆಳೆ ಒಂದು ಬಣ್ಣ, ಅಡ್ಡೆಳೆ ಇನ್ನೊಂದು ಬಣ್ಣ, ಹಾಗಾಗಿ ಟ್ಯೂಬ್‌ಲೈಟಲ್ಲಿ ಹಸಿರು ಕಂಡಿದ್ದು ಬಿಸಿಲಲ್ಲಿ ನೀಲಿ ಹೊಡೆಯುತ್ತೆ. ಎರಡೂ ಬೆಳಕಲ್ಲಿ ತೆಗೆದ ಫೋಟೋ ಹಾಕದೇ ಇದ್ರೆ ಆ ರಿಟರ್ನ್ ಬರೋದೇ.

ಸ್ವಂತವಾಗಿ ಮಾರಿದ್ರೆ ಆರ್‌ಟಿಒನೇ ದೊಡ್ಡ ಶತ್ರು

ಪ್ಲಾಟ್‌ಫಾರ್ಮ್ ಬೇಡ, ಇನ್‌ಸ್ಟಾಗ್ರಾಮಲ್ಲಿ ಆರ್ಡರ್ ತಗೊಂಡು ಕೊರಿಯರ್ ಕಂಪನಿ ಮೂಲಕ ನಾವೇ ಕಳಿಸ್ತೀವಿ ಅನ್ನೋರಿಗೆ ಫಿಕ್ಸೆಡ್ ಫೀ ಇಲ್ಲ, ಆದ್ರೆ ಪೆಟ್ಟು ಬೀಳೋ ಜಾಗ ಬದಲಾಗುತ್ತೆ. ಅಲ್ಲಿ ಆರ್‌ಟಿಒ ಆದ್ರೆ ಹೋದ ಶಿಪ್ಪಿಂಗೂ ನಿಮ್ಮದೇ, ಬಂದ ಶಿಪ್ಪಿಂಗೂ ನಿಮ್ಮದೇ. ಹೋಗೋಕೆ 65, ಬರೋಕೆ 60, ಪ್ಯಾಕಿಂಗ್ 14, ಹಾಳಾಗೋ ಮಾಲು ಮತ್ತು ಇಸ್ತ್ರಿ ಸೇರಿ 31, ಒಟ್ಟು 170.

ಕ್ಯಾಶ್ ಆನ್ ಡೆಲಿವರಿ ಕೊಟ್ಟು, ಅದಕ್ಕೆ 35 ಚಾರ್ಜ್ ಕಟ್ಟಿ, ನಾಲ್ಕರಲ್ಲಿ ಒಂದು ವಾಪಸ್ ಬಂದ್ರೆ, ಕಳಿಸಿದ ಒಂದು ಬ್ಲೌಸಿಗೆ ಸರಾಸರಿ 105 ಉಳಿಯುತ್ತೆ. ಮೊದಲೇ ದುಡ್ಡು ಕಟ್ಟಿದವರದ್ದು ಪೇಮೆಂಟ್ ಗೇಟ್‌ವೇ 2% ಅಂದ್ರೆ 12 ರೂಪಾಯಿ ಕಳೆದು, ನೂರಕ್ಕೆ 3 ವಾಪಸ್ ಅಂತ ಇಟ್ರೂ 207 ಉಳಿಯುತ್ತೆ. ಹಾಗಾಗಿ "ಮೊದಲೇ ಕಟ್ಟಿದ್ರೆ 50 ರೂಪಾಯಿ ಕಡಿಮೆ" ಅಂದ್ರೂ 160ಕ್ಕಿಂತ ಸ್ವಲ್ಪ ಮೇಲೇ ಇರ್ತೀರಿ. ಆದ್ರೆ ಕ್ಯಾಶ್ ಕೇಳೋ ಎಲ್ಲರೂ ಮೊದಲೇ ಕಟ್ಟೋಕೆ ಒಪ್ಪಲ್ಲ, ಕೆಲವು ಆರ್ಡರ್ ಕೈತಪ್ಪುತ್ತೆ, ಅದನ್ನೂ ಮನಸ್ಸಲ್ಲಿ ಇಟ್ಕೊಂಡೇ ಲೆಕ್ಕ ಹಾಕ್ಬೇಕು.

ಯುಪಿಐಗೆ ಚಾರ್ಜ್ ಇಲ್ವಲ್ಲ ಅಂತ ಕೇಳ್ತಾರೆ. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ಎಂಡಿಆರ್, ಅಂದ್ರೆ ವ್ಯಾಪಾರಿಯಿಂದ ಹಿಡಿಯೋ ಶುಲ್ಕ, ಸೊನ್ನೆ, ಅದು ನಿಜ. ನೇರ ನಿಮ್ಮ ಕ್ಯೂಆರ್‌ಗೆ ಹಾಕಿಸ್ಕೊಂಡ್ರೆ ಖರ್ಚಿಲ್ಲ. ವೆಬ್‌ಸೈಟಿಗೆ ಗೇಟ್‌ವೇ ಹಾಕಿಸಿದ್ರೆ ಆ ಕಂಪನಿ ತನ್ನ ಸೇವೆಗೆ ಶುಲ್ಕ ಹಾಕಬಹುದು, ಅದು ಬೇರೆ ವಿಷಯ. ಗಿರಾಕಿಗೆ ರೀಫಂಡ್ ಕೊಟ್ಟಾಗ ಗೇಟ್‌ವೇ ಶುಲ್ಕ ಸಾಮಾನ್ಯವಾಗಿ ವಾಪಸ್ ಬರಲ್ಲ ಅನ್ನೋದನ್ನೂ ರಿಟರ್ನ್ ಖರ್ಚಿಗೆ ಸೇರಿಸ್ಕೊಳ್ಳಿ.

ಬ್ಯಾಂಕಿಗೆ ಬಂದ ದುಡ್ಡು ಯಾಕೆ ದಾರಿ ತಪ್ಪಿಸುತ್ತೆ

ಈ ವಾರ ಬ್ಯಾಂಕಿಗೆ ಬಿದ್ದ ದುಡ್ಡಲ್ಲಿ ಹಿಂದಿನ ವಾರಗಳ ಮಾರಾಟ ಇರುತ್ತೆ, ಅದಕ್ಕೂ ಹಿಂದಿನ ರಿಟರ್ನಿನ ಕಡಿತ ಇರುತ್ತೆ, ಈ ವಾರದ ಜಾಹೀರಾತಿನ ಕಡಿತನೂ ಇರುತ್ತೆ. ಗಣಪತಿ, ನವರಾತ್ರಿ ಮುಂಚೆ ಆರ್ಡರ್ ಏರ್ತಾ ಇರುವಾಗ ಬ್ಯಾಂಕು ಭರ್ಜರಿ ಕಾಣುತ್ತೆ, ಆ ಧೈರ್ಯದಲ್ಲಿ ಇನ್ನಷ್ಟು ಬಟ್ಟೆ ತರಿಸ್ತಾರೆ, ಹಬ್ಬ ಮುಗಿದ ಮೇಲೆ ಮಾರಾಟ ಇಳಿದಾಗ ಹಬ್ಬದ ರಿಟರ್ನೆಲ್ಲ ಒಟ್ಟಿಗೆ ಬಂದು ಪೇಮೆಂಟ್ ಮೈನಸ್ಸಿಗೆ ಹೋಗುತ್ತೆ. ಅದಕ್ಕೇ ಲೆಕ್ಕ ಮಾಡ್ಬೇಕಾದ್ದು ದುಡ್ಡು ಬಂದ ತಿಂಗಳ ಪ್ರಕಾರ ಅಲ್ಲ, ಪಾರ್ಸೆಲ್ ಕಳಿಸಿದ ತಿಂಗಳ ಪ್ರಕಾರ. ಜುಲೈನಲ್ಲಿ ಕಳಿಸಿದ ಆರ್ಡರ್ ಐಡಿಗಳನ್ನ ಒಂದು ಕಡೆ ಇಟ್ಟು, ಅವುಗಳ ರಿಟರ್ನ್ ಅವಧಿ ಮುಗಿದು ಪಾರ್ಸೆಲ್ ಮನೆ ಸೇರೋವರೆಗೆ, ಅಂದ್ರೆ ಸುಮಾರು ಸೆಪ್ಟೆಂಬರ್ ಮಧ್ಯದವರೆಗೆ ಕಾದು, ಆಮೇಲೆ ಜುಲೈ ಲೆಕ್ಕ ಮುಚ್ಚಬೇಕು.

ಪೇಮೆಂಟಲ್ಲಿ ಕಾಣೋ ಟಿಸಿಎಸ್ ಮತ್ತು ಟಿಡಿಎಸ್, ಅಂದ್ರೆ ಪ್ಲಾಟ್‌ಫಾರ್ಮ್ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟೋ ತೆರಿಗೆ, ಖರ್ಚಲ್ಲ. ಜಿಎಸ್‌ಟಿ ಟಿಸಿಎಸ್ 2024ರ ಜುಲೈ 10ರಿಂದ 0.5%, ಇನ್‌ಕಮ್ ಟ್ಯಾಕ್ಸ್ ಟಿಡಿಎಸ್ 2024ರ ಅಕ್ಟೋಬರ್ 1ರಿಂದ 0.1%. ನಮ್ಮ ಬ್ಲೌಸಿಗೆ ಎರಡೂ ಸೇರಿ ಮೂರೂವರೆ ರೂಪಾಯಿ ಆಸುಪಾಸು, ಅದು ನಿಮ್ಮ ತೆರಿಗೆ ಖಾತೆಗೇ ಜಮಾ ಆಗುತ್ತೆ, ತೆರಿಗೆ ರಿಟರ್ನ್ ಫೈಲ್ ಮಾಡುವಾಗ ಕೇಳಿ ತಗೊಳ್ಬೇಕು.

ಜಿಎಸ್‌ಟಿ ನೋಂದಣಿನೇ ಬೇಡ ಅನ್ನೋರಿಗೆ 2023ರ ಅಕ್ಟೋಬರ್ 1ರಿಂದ ಪ್ಲಾಟ್‌ಫಾರ್ಮಲ್ಲಿ ಮಾರೋ ಅವಕಾಶ ಇದೆ, ಆದ್ರೆ ತಮ್ಮ ರಾಜ್ಯದೊಳಗೆ ಮಾತ್ರ. ಪುಣೆಯ ಅಕ್ಕ ಮುಂಬೈ, ಸೊಲ್ಲಾಪುರಕ್ಕೆ ಕಳಿಸಬಹುದು, ಹುಬ್ಬಳ್ಳಿಗೆ ಕಳಿಸೋಕಾಗಲ್ಲ. ಮಹಾರಾಷ್ಟ್ರದಲ್ಲಿ ಖಣಕ್ಕೆ ಬೇಡಿಕೆ ದೊಡ್ಡದು, ಹಾಗಾಗಿ ಇದು ನಡೆಯುತ್ತೆ. ಗೋವಾದ ವಾಸ್ಕೋದಲ್ಲಿ ಕೂತು ಮಾರೋರಿಗೆ ಗೋವಾ ಒಳಗಿನ ಗಿರಾಕಿ ಮಾತ್ರ ಅಂದ್ರೆ ಬಹಳ ಚಿಕ್ಕ ಮಾರುಕಟ್ಟೆ.

ಯಾರ ವಾದ ಏನು

ಪ್ಲಾಟ್‌ಫಾರ್ಮ್‌ಗಳು ಹೇಳೋದು, ಕಮಿಷನ್ ಬಿಟ್ರೆ ಸಣ್ಣ ಮಾರಾಟಗಾರರು ಬೆಲೆ ಇಳಿಸಬಹುದು, ಹೊಸಬರು ಬರ್ತಾರೆ ಅಂತ. ಅದರಲ್ಲಿ ನಿಜ ಇದೆ, ಮೇಲಿನ 4,200 ಅದಕ್ಕೆ ಸಾಕ್ಷಿ. ಅವರಿಗೂ ಇದರಲ್ಲಿ ಲೆಕ್ಕ ಇದೆ, ಮಾರಾಟಗಾರರು ಜಾಸ್ತಿ ಆದಷ್ಟೂ ಜಾಹೀರಾತಿನ ಆದಾಯ ಮತ್ತು ಡೆಲಿವರಿ ವ್ಯವಹಾರ ಬೆಳೆಯುತ್ತೆ. ಗಿರಾಕಿಗಳ ವಾದನೂ ನ್ಯಾಯವೇ: ಮುಟ್ಟಿ ನೋಡದೇ ದುಡ್ಡು ಕೊಡೋರು, ಸರಿ ಇಲ್ಲದಿದ್ರೆ ವಾಪಸ್ ಕಳಿಸೋ ಹಕ್ಕು ಇಲ್ಲದೇ ಇದ್ರೆ ಯಾಕೆ ತಗೊಳ್ಬೇಕು? ಮಾರಾಟಗಾರರು ಕೇಳೋದು, ಆ ಹಕ್ಕಿನ ಖರ್ಚು ಪೂರ್ತಿ ನಮ್ಮ ಮೇಲೇ ಯಾಕೆ, ಅರಿಶಿನ ಕಲೆ ಆದ ಬ್ಲೌಸೂ ಸೈಜು ತಪ್ಪಿದ ಬ್ಲೌಸೂ ಒಂದೇ ಹೇಗೆ ಅಂತ.

ಮಾರಾಟಗಾರರ ಪ್ರಶ್ನೆಗೆ ಹೆಚ್ಚು ಬಲ ಇದೆ ಅನ್ನಿಸುತ್ತೆ. ಸೈಜು ತಪ್ಪಿದ್ದಕ್ಕೆ ಮಾರಾಟಗಾರರು ಹೊಣೆ ಹೊರಬಹುದು, ಚಾರ್ಟ್ ಸರಿ ಮಾಡೋದು ಅವರ ಕೈಲಿದೆ. ಬಳಸಿ ಕಳಿಸಿದ್ದಕ್ಕೆ ಅವರ ಕೈಲಿ ಏನೂ ಇಲ್ಲ. ಅದಕ್ಕೆ ಪ್ಲಾಟ್‌ಫಾರ್ಮ್‌ಗಳಲ್ಲಿ ಕ್ಲೇಮ್ ವ್ಯವಸ್ಥೆ ಇದೆ, ಆದ್ರೆ ಅದಕ್ಕೆ ಗಡುವು ಇರುತ್ತೆ, ಪಾರ್ಸೆಲ್ ಬಿಚ್ಚೋ ವಿಡಿಯೋ, ಫೋಟೋ ಕೇಳ್ತಾರೆ. ಮನೇಲಿ ಒಬ್ಬರೇ ಹೊಲಿಗೆ, ಪ್ಯಾಕಿಂಗ್, ಫೋನ್ ಎಲ್ಲ ನೋಡ್ಕೊಳ್ಳೋರು ವಾಪಸ್ ಬಂದ ಬ್ಯಾಗುಗಳನ್ನ ಮೂಲೇಲಿ ಗುಡ್ಡೆ ಹಾಕಿ ಭಾನುವಾರ ಬಿಚ್ಚೋಣ ಅಂತ ಬಿಡ್ತಾರೆ, ಅಷ್ಟರಲ್ಲಿ ಗಡುವು ಮುಗಿದಿರುತ್ತೆ. 260ರ ಪೀಸಿಗೆ ಬರಬಹುದಾಗಿದ್ದ ಪರಿಹಾರ ಹಾಗೇ ಹೋಗುತ್ತೆ.

ಮುಂದೆ ಏನಾಗೋ ಸಾಧ್ಯತೆ ಇದೆ

ಮೊದಲನೆಯದು, ಉಳಿದ 60 ರೂಪಾಯಿ ಬಹಳ ದಿನ ಮಾರಾಟಗಾರರ ಹತ್ರ ಉಳಿಯಲ್ಲ. ಪಕ್ಕದವರು 599ರ ಬ್ಲೌಸನ್ನ 539ಕ್ಕೆ ಹಾಕಿದ್ರೆ ಅಕ್ಕನೂ ಇಳಿಸ್ಬೇಕಾಗುತ್ತೆ. 60 ಇಳಿಸಿದ್ರೆ ಜಿಎಸ್‌ಟಿ ಕಳೆದು 57 ಕಡಿಮೆ ಬರುತ್ತೆ, 70 ಪೀಸಿಗೆ 4,000. ಆಗ ಲಾಭ 9,544ರಿಂದ 5,544ಕ್ಕೆ ಬಂತು, ಕಮಿಷನ್ ಇದ್ದ ಕಾಲದಲ್ಲಿ ಇದ್ದಿದ್ದೂ ಹೆಚ್ಚುಕಮ್ಮಿ ಅಷ್ಟೇ. ಆದ್ರೆ ರಿಟರ್ನಿನ ಖರ್ಚು ಮಾತ್ರ 223ರಲ್ಲೇ ನಿಂತಿದೆ, ಅದು ಬೆಲೆ ಜೊತೆ ಇಳಿಯಲ್ಲ. ಮಾರಾಟದ ಲಾಭ ಈಗ 144, ಅಂದ್ರೆ ಒಂದು ರಿಟರ್ನ್ ಒಂದೂವರೆ ಮಾರಾಟ ತಿನ್ನುತ್ತೆ.

ಎರಡನೆಯದು, ಕಮಿಷನ್ ಮಾಫಿಯ 1000ದ ಗೆರೆ ಹತ್ರ ಇರೋ ಐಟಂಗಳದ್ದು, ಇಳಕಲ್ ಸೀರೆ ಮಾರೋರಿಗೆ ಇದು ಬಹಳ ಮುಖ್ಯ. ಗೆರೆ ದಾಟಿದ ಕೂಡ್ಲೇ ಕಮಿಷನ್ ಇಡೀ ಬೆಲೆ ಮೇಲೆ ಬರುತ್ತೆ, 1000ದ ಮೇಲಿನ ಚಿಲ್ಲರೆ ಮೇಲೆ ಅಲ್ಲ. 999ಕ್ಕೆ ಮಾರಿದ್ರೆ ಜಿಎಸ್‌ಟಿ ಕಳೆದು 951 ಕೈಗೆ. 1,050ಕ್ಕೆ ಮಾರಿದ್ರೆ ಜಿಎಸ್‌ಟಿ ಕಳೆದು 1,000, ಅದರಲ್ಲಿ 1,050ರ 10% ಕಮಿಷನ್ 105 ಹೋದ್ರೆ 895. ಗಿರಾಕಿ 51 ಜಾಸ್ತಿ ಕೊಟ್ರು, ಮಾರಾಟಗಾರರಿಗೆ 56 ಕಡಿಮೆ ಬಂತು. ಈ 10% ಲೆಕ್ಕದಲ್ಲಿ 1,116 ಮುಟ್ಟೋವರೆಗೆ 999ರಷ್ಟೂ ಸಿಗಲ್ಲ. ಹಾಗಾಗಿ 1,000ದಿಂದ 1,115ರ ನಡುವೆ ಬೆಲೆ ಇಟ್ಟ ಸೀರೆ ಇದ್ರೆ ಅದನ್ನ 999ಕ್ಕೆ ಇಳಿಸೋದು, ಇಲ್ಲಾಂದ್ರೆ ಫಾಲು, ಗೊಂಡೆ ಕಟ್ಟಿಸಿ 1,249ಕ್ಕೆ ಏರಿಸೋದು, ಎರಡರಲ್ಲಿ ಯಾವುದು ಅಂತ ನಿಮ್ಮ ಕ್ಯಾಟಗರಿಯ ನಿಜವಾದ ಕಮಿಷನ್ ಪರ್ಸೆಂಟ್ ಹಾಕಿ ನೋಡಿ. ನೋಡುವಾಗ ಆ ಸೀರೆಯ ರಿಟರ್ನ್ ಸಂಖ್ಯೆನೂ ಪಕ್ಕದಲ್ಲೇ ಇರ್ಲಿ, ಸೀರೆಗೆ ಸೈಜಿನ ತಾಪತ್ರಯ ಇಲ್ಲದ್ರಿಂದ ಅದು ಬ್ಲೌಸಿನ 18ಕ್ಕಿಂತ ಬಹಳ ಕೆಳಗೇ ಇರೋ ಸಾಧ್ಯತೆ ಜಾಸ್ತಿ.